1:6 ಗಾರೆಗೆ ಸಿಮೆಂಟ್ ಎಷ್ಟು, ಮರಳು ಎಷ್ಟು: ಸಂದಿನ ಲೆಕ್ಕ

ಪ್ರಶ್ನೆ: ಸರ್, ತುಮಕೂರು ಹತ್ತಿರ ಮನೆ ಕಟ್ಟಿಸ್ತಿದ್ದೀನಿ. 20 ಸೆಂಟಿಮೀಟರ್ ದಪ್ಪದ ಇಟ್ಟಿಗೆ ಗೋಡೆ, ಒಟ್ಟು 40 ಘನ ಮೀಟರ್, 1:6 ಗಾರೆ. ಇಟ್ಟಿಗೆ 190×90×90 ಮಿಲಿಮೀಟರ್. ನಾನು 7 ಭಾಗದಲ್ಲಿ 1 ಭಾಗ ಅಂತ ಲೆಕ್ಕ ಹಾಕಿದ್ರೆ ಒಂದು ಘನ ಮೀಟರ್ ಗಾರೆಗೆ 206 ಕೆಜಿ ಸಿಮೆಂಟ್ ಬಂತು. ಇಂಜಿನಿಯರ್ 1.33ರಿಂದ ಗುಣಿಸಿ 274 ಕೆಜಿ ಅಂದ್ರು. ಇನ್ನೊಬ್ಬರು ಸರ್ಕಾರಿ ಲೆಕ್ಕದಲ್ಲಿ 250 ಅಂತಾರೆ. ಕೊನೆಗೆ 62 ಮೂಟೆ ಖರ್ಚಾಯ್ತು. ಯಾವ ಲೆಕ್ಕ ಸರಿ? ಮರಳಿನ ಸಂದು ಅಂತಾರಲ್ಲ, ಅದೇನು? ಸಿಮೆಂಟ್ ಕದ್ದರಾ?

ಉತ್ತರ:

ಕದ್ದಿಲ್ಲ ಅಂತಲೇ ನನಗೆ ಅನಿಸುತ್ತದೆ. ಹೆಚ್ಚಿಗೆ ಹೋದ ಮೂಟೆಗಳು ನಿಮ್ಮ ಗೋಡೆಯೊಳಗೇ ಇವೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ, ಮೊದಲು 206 ಯಾಕೆ ತಪ್ಪು ಅಂತ ನೋಡೋಣ, ಯಾಕೆಂದರೆ ಸಂದಿನ ವಿಷಯ ಇರುವುದೇ ಅಲ್ಲಿ.

ಒಂದು ಸೇರು ಅವರೆಕಾಳು ತಗೊಳ್ಳಿ. ಅದರ ಮೇಲೆ ಒಂದು ಹಿಡಿ ರಾಗಿ ಹಿಟ್ಟು ಸುರಿದು ಸೇರನ್ನು ಅಲ್ಲಾಡಿಸಿ. ಹಿಟ್ಟು ಕಾಳಿನ ನಡುವೆ ಇಳಿದು ಹೋಗುತ್ತದೆ, ಸೇರು ತುಂಬಿ ಹೊರಗೆ ಚೆಲ್ಲುವುದಿಲ್ಲ. ಮರಳು ಮತ್ತು ಸಿಮೆಂಟ್ ಕೂಡ ಹಾಗೆಯೇ. 6 ಪೆಟ್ಟಿಗೆ ಮರಳಿಗೆ 1 ಪೆಟ್ಟಿಗೆ ಸಿಮೆಂಟ್ ಹಾಕಿ ನೀರು ಕಲಸಿದರೆ 7 ಪೆಟ್ಟಿಗೆ ಗಾರೆ ಸಿಗುವುದಿಲ್ಲ, 6 ಪೆಟ್ಟಿಗೆ ಸಿಕ್ಕರೂ ಹೆಚ್ಚು. ನೀವು 7 ಸಿಗುತ್ತದೆ ಅಂದುಕೊಂಡು ಭಾಗ ಮಾಡಿದಿರಿ. ಅಲ್ಲೇ ಎಡವಿದ್ದು.

ಈಗ ಒಂದು ಮೂಟೆಯ ಲೆಕ್ಕ ಹಿಡಿದು ಹೋಗೋಣ. ಸಂಖ್ಯೆ ಸ್ವಲ್ಪ ಬರುತ್ತವೆ, ನಿಧಾನಕ್ಕೆ ಓದಿ.

ಸಿಮೆಂಟ್‌ನ ಸಡಿಲ ತೂಕ ಘನ ಮೀಟರ್‌ಗೆ 1440 ಕೆಜಿ ಅಂತ ಹಿಡಿಯುತ್ತಾರೆ. ಹಾಗಾಗಿ 50 ಕೆಜಿ ಮೂಟೆ ಅಂದರೆ ಸುಮಾರು 35 ಲೀಟರ್, ಸರಿಯಾಗಿ ಹೇಳಬೇಕೆಂದರೆ 34.7. ಅದರ 6 ಪಟ್ಟು ಮರಳು ಅಂದರೆ 208 ಲೀಟರ್. ಒಣಗಿದ, ಸಡಿಲವಾಗಿ ಸುರಿದ ಮರಳು ಒಂದು ಲೀಟರ್‌ಗೆ ಹೆಚ್ಚುಕಡಿಮೆ 1.6 ಕೆಜಿ ತೂಗುತ್ತದೆ. ಆದರೆ ಮರಳಿನ ಕಾಳು ಅಂದರೆ ಕಲ್ಲು ತಾನೇ? ಸಂದಿಲ್ಲದ ಗಟ್ಟಿ ಕಲ್ಲಾಗಿದ್ದರೆ ಲೀಟರ್‌ಗೆ 2.6 ಕೆಜಿ ತೂಗಬೇಕಿತ್ತು. 1.6ನ್ನು 2.6ರಿಂದ ಭಾಗಿಸಿದರೆ 0.615. ಅಂದರೆ ನೀವು ಒಂದು ಲೀಟರ್ ಅಂತ ಅಳೆದ ಮರಳಿನಲ್ಲಿ ನಿಜವಾಗಿ ಕಲ್ಲು ಇರುವುದು 615 ಮಿಲಿಲೀಟರ್ ಮಾತ್ರ. ಉಳಿದ 385 ಬರೀ ಗಾಳಿ. ಇದನ್ನೇ ಸಂದು ಅನ್ನುವುದು, ಇಲ್ಲಿ ಶೇ. 38ರಷ್ಟಿದೆ.

ಇದೇ ಲೆಕ್ಕದಲ್ಲಿ 208 ಲೀಟರ್ ಮರಳಿನಲ್ಲಿ ಗಟ್ಟಿ ಕಲ್ಲು 128 ಲೀಟರ್, ಸಂದು 80 ಲೀಟರ್. ಸಿಮೆಂಟ್ ಕೂಡ ಪುಡಿಯೇ, ಅದರಲ್ಲೂ ಗಾಳಿ ಇದೆ. 50 ಕೆಜಿ ಸಿಮೆಂಟ್‌ನ ಗಟ್ಟಿ ಗಾತ್ರ ಬರೀ 16 ಲೀಟರ್. ನೀರು ಮೂಟೆಗೆ 45 ಲೀಟರ್ ಅಂತ ಹಿಡಿಯೋಣ. ಇದು ಕಾಂಕ್ರೀಟ್‌ಗೆ ಹಾಕುವುದಕ್ಕಿಂತ ಜಾಸ್ತಿ ಅನಿಸಬಹುದು, ಆದರೆ 1:6ರಲ್ಲಿ ಸಿಮೆಂಟ್ ಕಡಿಮೆ, ಮರಳು ಹೆಚ್ಚು. ಇಷ್ಟು ನೀರಿಲ್ಲದಿದ್ದರೆ ಗಾರೆ ಕರಣೆಯಿಂದ ಜಾರುವುದಿಲ್ಲ. ಕಲ್ಲು 128, ಸಿಮೆಂಟ್ 16, ನೀರು 45, ಎಲ್ಲಾ ಕೂಡಿಸಿದರೆ 189 ಲೀಟರ್. ಕಲಸುವಾಗ ಸಿಕ್ಕಿಕೊಂಡ ಗಾಳಿ ಒಂದು 8 ಲೀಟರ್ ಸೇರಿಸಿದರೆ 197.

ಇಲ್ಲೊಂದು ಸ್ವಾರಸ್ಯ ಇದೆ ನೋಡಿ. ನಾವು ಹಾಕಿದ ಮರಳು 208 ಲೀಟರ್, ಕೈಗೆ ಬಂದ ಗಾರೆ 197. ಸಿಮೆಂಟ್, ನೀರು ಎಲ್ಲಾ ಸೇರಿಸಿದ ಮೇಲೂ ಗಾತ್ರ ಕಡಿಮೆಯೇ ಆಯಿತು! ಸಿಮೆಂಟ್ ಮತ್ತು ನೀರು ಸೇರಿದ ತೆಳು ಸರಿ 61 ಲೀಟರ್, ಅದಕ್ಕೆ ತುಂಬಲು ಇದ್ದ ಜಾಗ 80 ಲೀಟರ್. ತುಂಬಿ ಮಿಗಲಿಲ್ಲ, ಬದಲಿಗೆ ಒದ್ದೆಯಾದ ಕಾಳುಗಳು ಜಾರಿ ಒಂದಕ್ಕೊಂದು ಒತ್ತಾಗಿ ಕೂತವು. ಹಾಗಾಗಿ 1:6ರಂಥ ಬಡ ಗಾರೆಯಲ್ಲಿ ಗಾರೆಯ ಗಾತ್ರ ಅಂದರೆ ಮರಳಿನ ಗಾತ್ರವೇ, ಅದಕ್ಕಿಂತ ಚೂರು ಕಡಿಮೆಯೇ. ಸಿಮೆಂಟ್ ಬಿಟ್ಟಿ ಬಾಡಿಗೆಗೆ ಸಂದಿನಲ್ಲಿ ಕೂತಿರುತ್ತದೆ.

ಒಂದು ಮೂಟೆಗೆ 197 ಲೀಟರ್ ಆದರೆ ಒಂದು ಘನ ಮೀಟರ್‌ಗೆ ಎಷ್ಟು? 1000ವನ್ನು 197ರಿಂದ ಭಾಗಿಸಿ, 5.08 ಮೂಟೆ. ಅಂದರೆ 254 ಕೆಜಿ ಸಿಮೆಂಟ್, 1.06 ಘನ ಮೀಟರ್ ಒಣ ಮರಳು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ 1:6 ಗಾರೆಗೆ 250 ಕೆಜಿ ಸಿಮೆಂಟ್, 1.07 ಘನ ಮೀಟರ್ ಮರಳು ಅಂತ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ? ನಿಮಗೆ ಹೇಳಿದ ಆ 'ಸರ್ಕಾರಿ ಲೆಕ್ಕ' ಸರಿಯಾಗಿಯೇ ಇದೆ. ಅದು ಯಾರೋ ಸುಮ್ನೆ ಬರೆದಿಟ್ಟ ಸಂಖ್ಯೆ ಅಲ್ಲ.

ಹಾಗಾದರೆ 1.33? ನಿಮ್ಮ ಇಂಜಿನಿಯರ್‌ನ ಬೈಯಬೇಡಿ, ನಾವೆಲ್ಲ ಕಾಲೇಜಿನಲ್ಲಿ ಕಲಿತದ್ದು ಅದನ್ನೇ. ಒಣ ಸಾಮಾನು ಕಲಸಿದಾಗ ಕಾಲು ಭಾಗ ಕುಗ್ಗುತ್ತದೆ, 4 ಪಾಲು 3 ಪಾಲಾಗುತ್ತದೆ, ಹಾಗಾಗಿ ಮೂರರಲ್ಲಿ ಒಂದು ಭಾಗ ಹೆಚ್ಚಿಗೆ ತಗೊಳ್ಳಿ ಅನ್ನುವುದು ಅದರ ತರ್ಕ. ಅದನ್ನು 1:3, 1:4, 1:6 ಯಾವ ಅನುಪಾತಕ್ಕೂ ಒಂದೇ ರೀತಿ ಹಚ್ಚುವುದು ಮಾತ್ರ ಸರಿಯಲ್ಲ. ಇಲಾಖೆಯ ಸಂಖ್ಯೆಗಳನ್ನೇ ನೋಡಿ. 1:3ಕ್ಕೆ 510 ಕೆಜಿ, 1:4ಕ್ಕೆ 380, 1:5ಕ್ಕೆ 310, 1:6ಕ್ಕೆ 250. ಈ ನಾಲ್ಕಕ್ಕೂ ಮರಳು ಮಾತ್ರ ಒಂದೇ, 1.07 ಘನ ಮೀಟರ್. ಅನುಪಾತ ಏನೇ ಇರಲಿ ಮರಳು ಕದಲುವುದಿಲ್ಲ, ಸಿಮೆಂಟ್ ಮಾತ್ರ ಬದಲಾಗುತ್ತದೆ. ಈಗ 1:4ರಲ್ಲಿ ಸಿಮೆಂಟ್ ಮತ್ತು ಮರಳಿನ ಒಣ ಗಾತ್ರ ಕೂಡಿಸಿ ನೋಡಿ, ಸರಿಯಾಗಿ 1.33 ಬರುತ್ತದೆ. 1:6ರಲ್ಲಿ ಕೂಡಿಸಿದರೆ 1.24, 1:3ರಲ್ಲಿ 1.42. ಅಂದರೆ 1.33 ಅನ್ನುವುದು 1:4ರ ಸಂಖ್ಯೆ, ಅದನ್ನು ತಂದು 1:6ಕ್ಕೆ ಹಚ್ಚಿದರೆ ಘನ ಮೀಟರ್‌ಗೆ ಅರ್ಧ ಮೂಟೆ ಹೆಚ್ಚಿಗೆ ತರಿಸುತ್ತೀರಿ. ನಾನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾಂಪೌಂಡ್ ಗೋಡೆಗೆ ಹೀಗೆ ತರಿಸಿ, ಮಿಕ್ಕ ಮೂಟೆಗಳು ಮಳೆಗಾಲದಲ್ಲಿ ಕಲ್ಲಾಗಿ, ಕೊನೆಗೆ ಅವನ್ನೇ ಮೆಟ್ಟಿಲು ಮಾಡಿಕೊಂಡು ಸಜ್ಜಾ ಹತ್ತಿದ್ದೆವು.

ನೆನಪಿಟ್ಟುಕೊಳ್ಳುವ ಲೆಕ್ಕ ಬೇಕೆಂದರೆ ಇದು ಸಾಕು. ಒಂದು ಘನ ಮೀಟರ್ ಗಾರೆಗೆ 1.07 ಘನ ಮೀಟರ್ ಒಣ ಮರಳು. ಆ 1.07ನ್ನು ಅನುಪಾತದ ಮರಳಿನ ಭಾಗದಿಂದ ಭಾಗಿಸಿ 1440ರಿಂದ ಗುಣಿಸಿದರೆ ಸಿಮೆಂಟ್ ಕೆಜಿಯಲ್ಲಿ ಬರುತ್ತದೆ.

```
ಸಿಮೆಂಟ್ (ಕೆಜಿ) = 1.07 ÷ 6 × 1440 = 257
```

250 ಅಲ್ಲದೆ 257 ಬಂತಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ಕೆಜಿಯ ಆಚೀಚೆ ನಿಮ್ಮ ಮರಳಿನ ಗುಣ, ಚೆಲ್ಲುವ ಗಾರೆ, ಮೇಸ್ತ್ರಿಯ ಕೈ ಇವುಗಳಲ್ಲೇ ಕಳೆದುಹೋಗುತ್ತದೆ. ಈ ಸೂತ್ರ 1:3ರಿಂದ 1:6ರವರೆಗೆ ನಡೆಯುತ್ತದೆ. 1:2ಕ್ಕೆ ನಡೆಯುವುದಿಲ್ಲ, ಅಲ್ಲಿ ಸಿಮೆಂಟ್, ನೀರು ಸೇರಿದ ಸರಿ ಸಂದನ್ನು ತುಂಬಿ ಮಿಕ್ಕು ಮರಳಿನ ಕಾಳುಗಳನ್ನೇ ದೂರ ತಳ್ಳುತ್ತದೆ, ಹಾಗಾಗಿ ಮರಳು 1 ಘನ ಮೀಟರ್‌ಗಿಂತ ಕಡಿಮೆ ಸಾಕಾಗುತ್ತದೆ.

ಇನ್ನು ನಿಮ್ಮ ಗೋಡೆಗೆ ಬರೋಣ. 190×90×90ರ ಇಟ್ಟಿಗೆಗೆ ಸುತ್ತ 10 ಮಿಲಿಮೀಟರ್ ಗಾರೆ ಸೇರಿಸಿದರೆ 200×100×100 ಆಗುತ್ತದೆ, ಒಂದು ಘನ ಮೀಟರ್‌ಗೆ ಸರಿಯಾಗಿ 500 ಇಟ್ಟಿಗೆ. 500 ಇಟ್ಟಿಗೆಯ ಗಾತ್ರ 0.77 ಘನ ಮೀಟರ್, ಉಳಿದ 0.23 ಗಾರೆ. ಇಟ್ಟಿಗೆಯ ಮೇಲಿನ ಕುಳಿ ತುಂಬುವುದು, ನೆಲಕ್ಕೆ ಬೀಳುವುದು ಎಲ್ಲಾ ಸೇರಿಸಿ 0.25 ಇಟ್ಟುಕೊಳ್ಳಿ. 40 ಘನ ಮೀಟರ್ ಗೋಡೆಗೆ 10 ಘನ ಮೀಟರ್ ಗಾರೆ. ಅಂದರೆ ಸಿಮೆಂಟ್ 50 ಮೂಟೆ, ಒಣ ಮರಳು 10.7 ಘನ ಮೀಟರ್. ನಿಮ್ಮ 206ರ ಲೆಕ್ಕದಲ್ಲಿ 41 ಮೂಟೆ, ಇಂಜಿನಿಯರ್ ಲೆಕ್ಕದಲ್ಲಿ 55. ಹೋಗಿದ್ದು 62.

ಈ 62 ನೋಡಿದ ತಕ್ಷಣ ನನಗೆ ಒಂದು ಸಂಶಯ ಬಂತು. 62 ಮೂಟೆ ಅಂದರೆ 3100 ಕೆಜಿ, 10 ಘನ ಮೀಟರ್‌ಗೆ ಹಂಚಿದರೆ ಘನ ಮೀಟರ್‌ಗೆ 310 ಕೆಜಿ. ಮೇಲೆ ಹೇಳಿದ ಸಂಖ್ಯೆಗಳಲ್ಲಿ 310 ಯಾವುದು? 1:5! ನಿಮ್ಮ ಗೋಡೆ ಕಟ್ಟಿರುವುದು ಬಹುಶಃ 1:5ರ ಗಾರೆಯಲ್ಲಿ, ಮೇಸ್ತ್ರಿಗೂ ಗೊತ್ತಿಲ್ಲದ ಹಾಗೆ. ಇದಕ್ಕೆ ಕಾರಣ ಹಸಿ ಮರಳು.

ಮರಳು ಸ್ವಲ್ಪ ತೇವವಾದರೆ ಉಬ್ಬುತ್ತದೆ. ಕಾಳು ಉಬ್ಬುವುದಿಲ್ಲ, ಕಾಳಿನ ಸುತ್ತ ನೀರಿನ ಪೊರೆ ಕೂತು ಒಂದನ್ನೊಂದು ದೂರ ಹಿಡಿಯುತ್ತದೆ, ಅಷ್ಟೆ. ತೂಕದಲ್ಲಿ ಶೇ. 4ರಿಂದ 6ರಷ್ಟು ನೀರಿದ್ದಾಗ ಇದು ಅತಿ ಹೆಚ್ಚು, ಸಾಮಾನ್ಯ ಮರಳು ಶೇ. 20ರಿಂದ 30ರವರೆಗೆ ಉಬ್ಬುತ್ತದೆ, ಸಣ್ಣ ಮರಳಾದರೆ ಇನ್ನೂ ಜಾಸ್ತಿ. ಎಂ ಸ್ಯಾಂಡ್ ಆದರೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ, ತೊಳೆದು ಕಳಿಸಿದ್ದು ಲಾರಿಯಲ್ಲಿ ತೇವವಾಗಿಯೇ ಬರುತ್ತದೆ. ನೀರು ಪೂರ್ತಿ ತುಂಬಿ ತೊಯ್ದುಹೋದರೆ ಪೊರೆ ಕಳೆದು ಮತ್ತೆ ಒಣ ಮರಳಿನ ಗಾತ್ರಕ್ಕೇ ಇಳಿಯುತ್ತದೆ. ಹಾಗಾಗಿ ತೊಟ್ಟಿಕ್ಕುವ ಮರಳಿಗಿಂತ ಕೈಗೆ ತಣ್ಣಗೆ ಹತ್ತುವ ಮರಳೇ ಅಪಾಯ, ನೋಡಿದರೆ ಒಣಗಿದ ಹಾಗೇ ಕಾಣುತ್ತದೆ.

ಈಗ ಲೆಕ್ಕ ಹಾಕಿ. ಶೇ. 25 ಉಬ್ಬಿದ ಮರಳನ್ನು 6 ಪೆಟ್ಟಿಗೆ ಅಳೆದು ಹಾಕಿದರೆ ನಿಜವಾದ ಮರಳು 6ನ್ನು 1.25ರಿಂದ ಭಾಗಿಸಿದಷ್ಟು, ಅಂದರೆ 4.8 ಪೆಟ್ಟಿಗೆ. ಮೇಸ್ತ್ರಿ ಪ್ರಾಮಾಣಿಕವಾಗಿ ಎಣಿಸಿಯೇ ಹಾಕಿದ್ದಾನೆ, ಆದರೆ ಒಳಗೆ ಬಿದ್ದದ್ದು 1:4.8. ಒಂದು ಮೂಟೆಗೆ 197 ಲೀಟರ್ ಬರಬೇಕಾದ ಗಾರೆ 162 ಲೀಟರ್‌ಗೆ ನಿಲ್ಲುತ್ತದೆ. 10 ಘನ ಮೀಟರ್‌ಗೆ ಸುಮಾರು 62 ಮೂಟೆ. ನಿಮ್ಮ ಲೆಕ್ಕಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಇದರಿಂದ ಗೋಡೆಗೆ ಅಂಥ ಹಾನಿ ಏನಿಲ್ಲ. ಸಿಮೆಂಟ್ ಜಾಸ್ತಿಯಾದ ಗಾರೆ ಒಣಗುವಾಗ ಸ್ವಲ್ಪ ಹೆಚ್ಚು ಕುಗ್ಗಿ ಕೂದಲೆಳೆ ಬಿರುಕು ಬಿಡಬಹುದು. ಹನ್ನೆರಡು ಮೂಟೆಯ ದುಡ್ಡು ಹೋಯಿತು, ಅದೇ ನಷ್ಟ.

ಮೇಸ್ತ್ರಿ ಬಾಂಡ್ಲಿಯಲ್ಲಿ ಅಳೆದಿದ್ದರೆ ಇದರ ಮೇಲೆ ಇನ್ನೊಂದು ತಪ್ಪು ಸೇರಿರುತ್ತದೆ. ಒಬ್ಬ ಹುಡುಗ ಗೋಪುರ ಮಾಡಿ ತುಂಬುತ್ತಾನೆ, ಇನ್ನೊಬ್ಬ ಅಂಚಿನವರೆಗೆ ಮಾತ್ರ. ಬಾಂಡ್ಲಿ ಎಣಿಸಿ ಅನುಪಾತ ಹೇಳುವುದು ಅಂದರೆ ಕಣ್ಣಳತೆಯೇ. ಹಲಗೆಯಲ್ಲೋ ತಗಡಿನಲ್ಲೋ ಒಳ ಅಳತೆ 40×35×25 ಸೆಂಟಿಮೀಟರ್ ಇರುವ ಒಂದು ಪೆಟ್ಟಿಗೆ ಮಾಡಿಸಿ. ಅದು ಸರಿಯಾಗಿ 35 ಲೀಟರ್, ಒಂದು ಮೂಟೆಯ ಗಾತ್ರ. ಸಿಮೆಂಟ್ ಅಳೆಯಬೇಡಿ, ಮೂಟೆ ಪೂರ್ತಿ ಸುರಿಯಿರಿ, ಮರಳನ್ನು ಮಾತ್ರ ಪೆಟ್ಟಿಗೆಯಲ್ಲಿ ಅಳೆಯಿರಿ. ಅಂಚಿಗೆ ಪಟ್ಟಿ ಎಳೆದು ಸಮ ಮಾಡಬೇಕು, ಕುಟ್ಟಿ ತುಂಬಬಾರದು.

ಉಬ್ಬಿದ್ದು ಎಷ್ಟು ಅಂತ ಕಂಡುಹಿಡಿಯಲು ನೆಟ್ಟಗಿರುವ ಒಂದು ಗಾಜಿನ ಜಾಡಿ ಸಾಕು. ರಾಶಿಯ ಮೇಲಿನ ಒಣ ಪದರ ಸರಿಸಿ, ಒಳಗಿನ ಮರಳನ್ನು ಜಾಡಿಗೆ ಸಡಿಲವಾಗಿ 20 ಸೆಂಟಿಮೀಟರ್ ಎತ್ತರಕ್ಕೆ ತುಂಬಿ. ಅದನ್ನೆಲ್ಲಾ ಒಂದು ತಟ್ಟೆಗೆ ಹಾಕಿ, ಜಾಡಿಗೆ ಅರ್ಧ ನೀರು ತುಂಬಿ, ಮರಳನ್ನು ಮತ್ತೆ ಅದರೊಳಗೆ ಸ್ವಲ್ಪ ಸ್ವಲ್ಪವೇ ಬಿಟ್ಟು ಕಡ್ಡಿಯಿಂದ ಕಲಕಿ. ಕೂತ ಮೇಲೆ ಅಳೆಯಿರಿ. 16 ಸೆಂಟಿಮೀಟರ್ ಬಂದರೆ 4 ಸೆಂಟಿಮೀಟರ್ ಇಳಿದಿದೆ, 4ನ್ನು 16ರಿಂದ ಭಾಗಿಸಿ, ಶೇ. 25. ಅನೇಕರು 20ರಿಂದ ಭಾಗಿಸಿ ಶೇ. 20 ಅಂತಾರೆ, ತಪ್ಪು. ಹೋಲಿಸಬೇಕಾದ್ದು ನಿಜವಾದ ಮರಳಿನ ಗಾತ್ರಕ್ಕೆ, ಉಬ್ಬಿದ್ದಕ್ಕಲ್ಲ. ಅವತ್ತು 6ರ ಬದಲು ಏಳೂವರೆ ಪೆಟ್ಟಿಗೆ ಮರಳು ಹಾಕಿಸಿ. ಮಾರನೆಯ ದಿನ ಬಿಸಿಲು ಬಂದರೆ ಮತ್ತೆ ನೋಡಿ, ಅದೇ ರಾಶಿಯೇ ಬೇರೆ ಉತ್ತರ ಕೊಡುತ್ತದೆ.

ಮೇಸ್ತ್ರಿಗಳು ಇದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. 'ಏಳೂವರೆ ಹಾಕಿದ್ರೆ ಗೋಡೆ ಬೀಳುತ್ತೆ ಸಾರ್' ಅಂತಾರೆ. ಜಾಡಿಯ ಪರೀಕ್ಷೆಯನ್ನು ಅವರ ಕಣ್ಣೆದುರೇ ಮಾಡಿ, ನನಗೆ ಗೊತ್ತಿರುವ ಹಾಗೆ ಬೇರೆ ದಾರಿ ಇಲ್ಲ.

ಹಸಿ ಮರಳಿನಲ್ಲಿ ನೀರೂ ಇದೆ ಅನ್ನುವುದನ್ನು ಮರೆಯಬೇಡಿ. ಒಂದು ಮೂಟೆಗೆ ಹೋಗುವ 333 ಕೆಜಿ ಮರಳಿನಲ್ಲಿ ಶೇ. 5 ತೇವ ಅಂದರೆ ಸುಮಾರು 17 ಲೀಟರ್ ನೀರು ಆಗಲೇ ಬಂದಿದೆ. ಮೇಲೆ ಹಾಕಬೇಕಾದ್ದು 28 ಲೀಟರ್ ಮಾತ್ರ. ಇದನ್ನು ನೋಡದೆ 45 ಹಾಕಿದರೆ ಗಾರೆ ನೀರು ನೀರಾಗಿ ಇಟ್ಟಿಗೆಯ ಮುಖದ ಮೇಲೆ ಹರಿಯುತ್ತದೆ, ಆಗ ಹುಡುಗರು ಇನ್ನಷ್ಟು ಸಿಮೆಂಟ್ ಉದುರಿಸಿ ಗಟ್ಟಿ ಮಾಡುತ್ತಾರೆ. ಅದೂ ಲೆಕ್ಕಕ್ಕೆ ಸಿಗದ ಸಿಮೆಂಟೇ.

ಮರಳು ಕೊಳ್ಳುವಾಗಲೂ ಇದೇ ಕಥೆ. ನಿಮಗೆ ಬೇಕಾದ್ದು 10.7 ಘನ ಮೀಟರ್ ಒಣ ಮರಳು. ಲಾರಿಯ ತೊಟ್ಟಿ ಅಳೆದು, ಘನ ಅಡಿ ಲೆಕ್ಕದಲ್ಲಿ ಕೊಂಡರೆ ಹಸಿ ಮರಳು 13.4 ಘನ ಮೀಟರ್, ಅಂದರೆ ಸುಮಾರು 473 ಘನ ಅಡಿ ಬೇಕಾಗುತ್ತದೆ. ಟನ್ ಲೆಕ್ಕದಲ್ಲಿ ಕೊಂಡರೆ ಒಣಗಿದ್ದು 17 ಟನ್, ತೇವ ಸೇರಿಸಿದರೂ 18. ಗಾತ್ರದಲ್ಲಿ ಕೊಂಡಾಗ ಕಾಲು ಭಾಗ ಉಬ್ಬಿಗೆ ದುಡ್ಡು ಕೊಡುತ್ತೀರಿ, ತೂಕದಲ್ಲಿ ಕೊಂಡಾಗ ಇಪ್ಪತ್ತರಲ್ಲಿ ಒಂದು ಪಾಲು ನೀರಿಗೆ. ವೇಬ್ರಿಡ್ಜ್ ಚೀಟಿ ಸಿಗುವ ಕಡೆ ತೂಕದಲ್ಲೇ ತಗೊಳ್ಳಿ.

ಕೊನೆಗೆ ಸಂದಿನ ಬಗ್ಗೆ ಇನ್ನೊಂದು ಮಾತು. ಎಲ್ಲಾ ಮರಳಿನಲ್ಲೂ ಸಂದು ಶೇ. 38 ಇರುವುದಿಲ್ಲ. ಇದನ್ನು ಅಡಿಗೆ ಮನೆಯ ಅಳತೆ ಜಗ್ಗಿನಲ್ಲೇ ನೋಡಬಹುದು. ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ ಆರಿದ ಮರಳನ್ನು ಸಡಿಲವಾಗಿ ಒಂದು ಲೀಟರ್ ಅಳೆದು, ಅರ್ಧ ಲೀಟರ್ ನೀರಿರುವ ದೊಡ್ಡ ಜಗ್ಗಿಗೆ ಸುರಿದು ಕಲಕಿ, ಗುಳ್ಳೆ ಹೋಗಲಿ. ನೀರಿನ ಮಟ್ಟ 1115 ಮಿಲಿಲೀಟರ್‌ಗೆ ಬಂದರೆ ಗಟ್ಟಿ ಕಲ್ಲು 615, ಸಂದು 385. ಸಣ್ಣದು ದೊಡ್ಡದು ಬೆರೆತ ಮರಳಿನಲ್ಲಿ ದೊಡ್ಡ ಕಾಳಿನ ಸಂದಿಗೆ ಸಣ್ಣ ಕಾಳು ಕೂತು ಸಂದು ಕಡಿಮೆಯಾಗುತ್ತದೆ, ಮಟ್ಟ ಇನ್ನೂ ಮೇಲೆ ಬರುತ್ತದೆ. ಎಲ್ಲಾ ಒಂದೇ ಗಾತ್ರದ ದಪ್ಪ ಕಾಳಾದರೆ ಮಟ್ಟ ಕೆಳಗೇ ನಿಲ್ಲುತ್ತದೆ, ಸಂದು ಶೇ. 45ರ ಹತ್ತಿರ ಹೋಗಬಹುದು. ಅಂಥ ಮರಳಿನ 1:6 ಗಾರೆ ಕರಣೆಗೆ ಒರಟು, ಹರಡಿದರೆ ಚೂರು ಚೂರಾಗಿ ಒಡೆಯುತ್ತದೆ, ನೀರು ಬಿಟ್ಟುಕೊಡುತ್ತದೆ. ಮೇಸ್ತ್ರಿ ಆಗ ಒಂದು ಬಾಂಡ್ಲಿ ಕೆಮ್ಮಣ್ಣು ಸೇರಿಸಿ ನಯ ಮಾಡಲು ನೋಡುತ್ತಾನೆ. ಬಿಡಬೇಡಿ. ನಯ ಬೇಕಿದ್ದರೆ ಸಣ್ಣ ಮರಳು ಸ್ವಲ್ಪ ಬೆರೆಸಿ, ಅಥವಾ ಸುಣ್ಣ ಸೇರಿಸಿ 1:1:6 ಮಾಡಿ, ಸುಣ್ಣದ ನುಣುಪು ಕಣ ಸಂದಿಗೆ ಕೂತು ನೀರನ್ನೂ ಹಿಡಿದಿಡುತ್ತದೆ. ಸುಣ್ಣ ಬೆರೆಸಿದ ಗಾರೆ ನಮ್ಮಲ್ಲಿ ಯಾಕೋ ಮರೆತೇ ಹೋಗಿದೆ.

ನಾಳೆ ಬೆಳಗ್ಗೆ ಸೈಟಿಗೆ ಹೋದಾಗ ಒಂದು ಕೆಲಸ ಮಾಡಿ. ಒಂದೇ ಒಂದು ಮೂಟೆ ಗಾರೆ ಕಲಸಿಸಿ, ಕಲಸಿದ್ದನ್ನು ಅದೇ 35 ಲೀಟರ್ ಪೆಟ್ಟಿಗೆಯಲ್ಲಿ ತಟ್ಟಿ ತಟ್ಟಿ ಅಳೆಯಿರಿ. ಐದೂವರೆ ಪೆಟ್ಟಿಗೆ ದಾಟಿದರೆ ಅದು 1:6. ನಾಲ್ಕೂವರೆ ಸುತ್ತಮುತ್ತ ನಿಂತರೆ ಮರಳು ಉಬ್ಬಿದ್ದೇ ಕಾರಣ, ಜಾಡಿ ತೆಗೆಯಿರಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಇಟ್ಟಿಗೆ ಎಣಿಸಿ. ನಿಮ್ಮ ಅಳತೆಯ ಇಟ್ಟಿಗೆ ಒಂದು ಮೂಟೆಗೆ ಸುಮಾರು 400 ಕೂರಬೇಕು, ಈವರೆಗೆ ನಿಮಗೆ ಕೂತಿರುವುದು 320.